ಕಾಫಿ ಬಿಡದೆ ಹಲ್ಲಿನ ಕಲೆ ತಡೆದದ್ದು: ನನ್ನ ಅನುಭವ

ಕಾಫಿ ಪುಡಿ ಅಂಗಡಿ ನಡೆಸುವವರಿಗೆ ಈ ಕಲೆ ಹೊಸದಲ್ಲ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಕಂದು ಗೆರೆ ಬಂದು ಕೂತುಬಿಡುತ್ತದೆ. ಹುಬ್ಬಳ್ಳಿ ಮೊದಲಿನಿಂದ ಚಹಾದ ಊರು. ಇಲ್ಲಿ ಕಾಫಿ ಮಾರಬೇಕೆಂದರೆ ಗಿರಾಕಿಯ ಎದುರಿಗೇ ಡಿಕಾಕ್ಷನ್ ಇಳಿಸಿ, ಅವರ ಜೊತೆ ನಾವೂ ಕುಡಿಯಬೇಕು. ಹಾಗಾಗಿ ನಾನು ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಸ್ಕೇಲಿಂಗ್, ಅಂದರೆ ಹಲ್ಲು ಕೆರೆದು ಸ್ವಚ್ಛ ಮಾಡುವುದು, ಮಾಡಿಸುತ್ತಿದ್ದೆ. ಪ್ರತಿ ಸಲ ಹೆಚ್ಚೂಕಡಿಮೆ ಸಾವಿರ ರೂಪಾಯಿ. ಎರಡು ತಿಂಗಳಲ್ಲಿ ಗೆರೆ ಮತ್ತೆ ಹಾಜರ್. ಈ ಸಲ ಸ್ಕೇಲಿಂಗ್ ಆಗಿ ವರ್ಷದ ಮೇಲಾಯಿತು, ಗೆರೆ ಕಾಣುತ್ತಿಲ್ಲ. ಕಾಫಿ ಒಂದು ಲೋಟವೂ ಕಡಿಮೆ ಮಾಡಿಲ್ಲ. "ಕಾಫಿ ಬಿಡದ ಇದು ಹೋಗೂದಿಲ್ಲರೀ" ಎಂದಿದ್ದ ಪಕ್ಕದ ಅಂಗಡಿಯವರೇ ಈಗ ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಕೈಕೊಟ್ಟ ಉಪಾಯಗಳನ್ನು ಮೊದಲು ಹೇಳುತ್ತೇನೆ, ದುಡ್ಡು ಹೋಗಿದ್ದು ಅಲ್ಲೇ. ಇದ್ದಿಲಿನ ಹಲ್ಲುಪುಡಿ ತಂದೆ. ಮೊದಲ ವಾರ ಹಲ್ಲು ಬೆಳ್ಳಗಾಯಿತು, ಖುಷಿಯೂ ಆಯಿತು. ಆಮೇಲೆ ತಣ್ಣೀರು ಕುಡಿದರೆ ಜುಂ ಅನ್ನತೊಡಗಿತು, ಕಲೆಯೂ ಮೊದಲಿಗಿಂತ ಬೇಗ ಹತ್ತಿತು. ಒರಟು ಪುಡಿಯಿಂದ ತಿಕ್ಕಿದರೆ ಹಲ್ಲಿನ ಮೇಲೆ ಸಣ್ಣ ಗೀರು ಬೀಳುತ್ತವೆ, ಗೀರಿನಲ್ಲಿ ಬಣ್ಣ ಹೋಗಿ ಕೂರುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಬೇರೆ ಏನೇ ಮಾಡಿ, ಇದನ್ನು ಮಾತ್ರ ಮಾಡಬೇಡಿ.

ಎರಡನೆಯದು ಮೌತ್‌ವಾಶ್. ಬಾಯಿವಾಸನೆಗೆಂದು ಔಷಧಿ ಅಂಗಡಿಯವರು ಕ್ಲೋರ್‌ಹೆಕ್ಸಿಡಿನ್ ಇರುವ ಬಾಟಲಿ ಕೊಟ್ಟರು. ವಾಸನೆ ನಿಂತಿತು, ನಿಜ. ಆದರೆ ಹದಿನೈದು ದಿನದೊಳಗೆ ಹಲ್ಲು ಮೊದಲಿಗಿಂತ ಕಪ್ಪು! ಆ ಔಷಧಿ ಹಲ್ಲಿಗೆ ಅಂಟಿಕೊಳ್ಳುತ್ತದೆ, ಕಾಫಿ ಚಹಾದ ಬಣ್ಣವನ್ನೂ ಅಲ್ಲೇ ಹಿಡಿದುಕೊಳ್ಳುತ್ತದೆ. ವಸಡಿನ ತೊಂದರೆಗೆ ಡಾಕ್ಟರ್ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ಬಳಸಿ. ನಮ್ಮಂಥ ಕಾಫಿ ಮಂದಿ ಸುಮ್ನೆ ದಿನಾ ಬಳಸುವ ವಸ್ತು ಅಲ್ಲ ಅದು. ಬಾಟಲಿಗಳಿಗೆ ಐದುನೂರರ ಆಸುಪಾಸು ಹೋಯಿತು, ಕಲೆ ತೆಗೆಸಲು ಮತ್ತೆ ಸಾವಿರ.

ದಾರಿ ಸಿಕ್ಕಿದ್ದು ನನ್ನ ಕುಡಿಯುವ ಹೊತ್ತನ್ನು ಗಮನಿಸಿದಾಗ. ಮನೆಯಲ್ಲಿ ನಾನು ಮತ್ತು ತಮ್ಮ ಇಬ್ಬರೂ ದಿನಕ್ಕೆ ಐದಾರು ಲೋಟ ಕುಡಿಯುತ್ತೇವೆ. ಅವನ ಹಲ್ಲಿಗೆ ಅಷ್ಟು ಕಲೆ ಇಲ್ಲ. ಅವನು ಐದು ನಿಮಿಷದಲ್ಲಿ ಲೋಟ ಖಾಲಿ ಮಾಡಿ ನೀರು ಕುಡಿಯುತ್ತಾನೆ. ನಾನು ಗಲ್ಲೆಯ ಪಕ್ಕ ಇಟ್ಟುಕೊಂಡು ಒಂದೊಂದೇ ಗುಟುಕು ತಾಸುಗಟ್ಟಲೆ ಕುಡಿಯುತ್ತಿದ್ದೆ. ಹಲ್ಲಿನ ಮೇಲೆ ಜೊಲ್ಲಿನಿಂದಾದ ಒಂದು ತೆಳು ಪೊರೆ ಯಾವಾಗಲೂ ಇರುತ್ತದೆ. ಕಾಫಿಯ ಒಗರು ಬಣ್ಣ ಹಿಡಿಯುವುದು ಆ ಪೊರೆಯನ್ನೇ. ಎಷ್ಟು ಲೋಟ ಅನ್ನೋದಕ್ಕಿಂತ ಎಷ್ಟು ಹೊತ್ತು ಬಾಯಲ್ಲಿತ್ತು ಅನ್ನೋದು ಜಾಸ್ತಿ ಮುಖ್ಯ.

ಎನಾಮಲ್ ಲೆಕ್ಕವೂ ಹೀಗೇ. ಹುಳಿಯ ಅಳತೆ ಪಿಹೆಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಹೆಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್ ಮೆತ್ತಗಾಗುತ್ತದೆ. ಹಾಲಿಲ್ಲದ ಕಾಫಿ 5ರ ಹತ್ತಿರ ಇರುತ್ತದೆ. ಹಾಲು ಹಾಕಿದ್ದು ಅಷ್ಟು ಹುಳಿ ಇಲ್ಲ, ಆದರೆ ಸಕ್ಕರೆ ಬಿತ್ತಲ್ಲ, ಅದನ್ನು ತಿಂದು ಬಾಯಿಯ ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ. ಜೊಲ್ಲು ಅದನ್ನು ತೊಳೆದು ಸರಿ ಮಾಡಲು ಅರ್ಧ ತಾಸಾದರೂ ಬೇಕು. ಅಷ್ಟರೊಳಗೆ ಇನ್ನೊಂದು ಗುಟುಕು ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಈಗ ನನ್ನ ದಿನ ಹೀಗಿದೆ. ಎದ್ದ ಕೂಡಲೇ ಬ್ರಶ್, ಅದೂ ಮೆತ್ತನೆ ಬ್ರಶ್, ಫ್ಲೋರೈಡ್ ಇರುವ ಸಾದಾ ಪೇಸ್ಟ್. ಹಲ್ಲಿನ ಮೇಲಿನ ಪಾಚಿ ಹೋದರೆ ಬಣ್ಣಕ್ಕೆ ಹಿಡಿಯಲು ಜಾಗ ಕಡಿಮೆ. ಪೇಸ್ಟಿನ ರುಚಿ ಇಳಿಯುವವರೆಗೆ ಡಿಕಾಕ್ಷನ್ ಮುಟ್ಟುವುದಿಲ್ಲ, ಇಲ್ಲದಿದ್ದರೆ ಒಳ್ಳೆ ಪುಡಿಯೂ ಕಹಿ ಅನಿಸುತ್ತದೆ, ನಿಮಗೆ ಗೊತ್ತಲ್ವಾ. ಪ್ರತಿ ಲೋಟವೂ ಹತ್ತು ನಿಮಿಷದೊಳಗೆ ಮುಗಿಯಬೇಕು. ಮುಗಿದ ತಕ್ಷಣ ಒಂದು ಬಾಯಿ ನೀರು ತುಂಬಿ, ಕೆಳಗಿನ ಹಲ್ಲಿನ ಒಳಬದಿಗೆ ಜೋರಾಗಿ ಮುಕ್ಕಳಿಸಬೇಕು. ಅಲ್ಲೇ ಜೊಲ್ಲಿನ ಗ್ರಂಥಿ ಬಾಯಿ ತೆರೆಯುವುದು, ಅಲ್ಲೇ ಪಾಚಿ ಗಟ್ಟಿಯಾಗಿ ಹಲ್ಲುಗಾರೆ ಕಟ್ಟುವುದು, ಗಾರೆಯ ಮೇಲೆ ಬಣ್ಣ ಬೇಗ ಕೂರುವುದು. ಕಾಫಿ ಕುಡಿದ ಕೂಡಲೇ ಬ್ರಶ್ ಮಾತ್ರ ಇಲ್ಲ. ಆಗ ಎನಾಮಲ್ ಮೆತ್ತಗಿರುತ್ತದೆ, ತಿಕ್ಕಿದರೆ ಸವೆಯುತ್ತದೆ. ಅರ್ಧ ತಾಸು ಬಿಡಬೇಕು. ಬರೀ ರುಚಿ ನೋಡಲು ಬಾಯಿಗೆ ಹಾಕಿಕೊಂಡದ್ದನ್ನು ಈಗ ಉಗುಳಿಬಿಡುತ್ತೇನೆ. ಒಂದರ ಹಿಂದೊಂದು ಮೂರು ನಾಲ್ಕು ನಮೂನೆ ನೋಡುವಾಗ ನಾಲಿಗೆಯ ರುಚಿ ಕೆಡದಂತೆ ಮಧ್ಯೆ ಏನು ಬಾಯಿಗೆ ಹಾಕಿಕೊಳ್ಳುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ವ್ಯಾಪಾರದ ಮಾತು.

ಗೆಳೆಯರು ನಂಬದಿದ್ದಾಗ ಬಿಳಿ ಮೊಟ್ಟೆಯ ಚಿಪ್ಪು ತಂದು ತೋರಿಸಿದೆ. ಒಂದನ್ನು ಬರೀ ಡಿಕಾಕ್ಷನ್‌ನಲ್ಲಿ ಮುಳುಗಿಸಿಟ್ಟೆ. ಇನ್ನೊಂದನ್ನು ಹಾಲು ಬೆರೆಸಿದ ಕಾಫಿಯಲ್ಲಿ. ಮೂರನೆಯದನ್ನು ಡಿಕಾಕ್ಷನ್‌ನಲ್ಲಿ ಐದು ನಿಮಿಷ ಅದ್ದಿ, ತೊಳೆದು, ತಾಸು ಬಿಟ್ಟು ಮತ್ತೆ ಅದ್ದುವುದು. ಸಂಜೆಗೆ ಮೊದಲನೆಯದು ಕಡು ಕಂದು, ಉಳಿದೆರಡು ಬಹಳ ತಿಳಿ. ಚಿಪ್ಪು ಎನಾಮಲ್ ಅಲ್ಲ, ಅದಕ್ಕೆ ಜೊಲ್ಲೂ ಇಲ್ಲ. ಆದರೂ ಹೊತ್ತಿನ ಲೆಕ್ಕ ಎಲ್ಲರಿಗೂ ಕಣ್ಣಿಗೆ ಕಂಡಿತು. ಹಾಲಿನ ಪ್ರೋಟೀನ್ ಕಾಫಿಯ ಒಗರನ್ನು ಮೊದಲೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಹಲ್ಲಿಗೆ ಅಂಟುವುದು ಕಡಿಮೆಯಾಗುತ್ತದೆ.

ಅದೇ ಹಾಲು ವಾಸನೆಗೆ ಕಷ್ಟ ಕೊಡುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾ ಪ್ರೋಟೀನನ್ನು ಕೊಳೆಸಿದಾಗ ಗಂಧಕದ ವಾಸನೆ ಬರುತ್ತದೆ. ಬಾಯಿ ಒಣಗಿದ್ದರೆ ಇನ್ನೂ ಜಾಸ್ತಿ. ಇದಕ್ಕೆ ನೀರು ಮುಕ್ಕಳಿಸಿದರೆ ಸಾಲದು. ತಾಮ್ರದ ನಾಲಿಗೆಪಟ್ಟಿ ತಂದೆ, ನೂರು ರೂಪಾಯಿಯೂ ಆಗಲಿಲ್ಲ. ಬೆಳಿಗ್ಗೆ ಮತ್ತು ರಾತ್ರಿ, ಆದಷ್ಟು ಹಿಂದಿನಿಂದ ಮುಂದಕ್ಕೆ, ಒತ್ತದೆ ಎಳೆಯಬೇಕು. ಪಟ್ಟಿಯ ಮೇಲೆ ಬಿಳಿ ಲೋಳೆ ಬರುವುದು ನಿಲ್ಲುವವರೆಗೆ ಎಳೆಯುತ್ತೇನೆ. ಗೊತ್ತಾಗಬೇಕೆಂದರೆ ಮುಂಗೈ ನೆಕ್ಕಿ, ಒಣಗಿದ ಮೇಲೆ ಮೂಸಿ ನೋಡಿ. ವಾರದೊಳಗೆ ಫರಕು ತಿಳಿಯುತ್ತದೆ. ರೊಟ್ಟಿ ಜೊತೆ ಬೆಳ್ಳುಳ್ಳಿ ಚಟ್ನಿ ತಿಂದ ದಿನ ಮಾತ್ರ ಪಟ್ಟಿ ಕೆಲಸ ಮಾಡದು. ಆ ವಾಸನೆ ರಕ್ತಕ್ಕೆ ಸೇರಿ ಉಸಿರಿನಿಂದ ಬರುತ್ತದೆ.

ನನ್ನ ವಿಧಾನ ನಡೆಯದ ಹಲ್ಲುಗಳೂ ಇವೆ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಒಬ್ಬ ಗಿರಾಕಿ ನನ್ನನ್ನು ನೋಡಿ ಎಲ್ಲ ಮಾಡಿದರು, ಕಲೆ ಕದಲಲಿಲ್ಲ. ಆ ಭಾಗದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಲ್ಲಿ ಹಲ್ಲು ತಯಾರಾಗುವಾಗಲೇ ಎನಾಮಲ್ ಕೆಟ್ಟಿರುತ್ತದೆ, ಕಲೆ ಒಳಗೇ ಇರುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ಕಾಫಿ ಕಲೆ ವಸಡಿನ ಅಂಚಿಗೆ, ಹಲ್ಲಿನ ಸಂದಿಗೆ, ಒಳಬದಿಗೆ ಇರುತ್ತದೆ, ಸ್ಕೇಲಿಂಗ್ ಮಾಡಿದರೆ ಹೋಗುತ್ತದೆ. ಫ್ಲೋರೈಡ್ ಕಲೆ ಎಡಕ್ಕೂ ಬಲಕ್ಕೂ ಒಂದೇ ಥರ, ಹಲ್ಲಿನ ಮುಖದ ಮೇಲೆ ಬಿಳಿ ಚುಕ್ಕೆ, ಅಡ್ಡಗೆರೆ, ಕಂದು ಪಟ್ಟೆಯಾಗಿ ಇರುತ್ತದೆ, ಸ್ಕೇಲಿಂಗಿಗೆ ಹೋಗುವುದಿಲ್ಲ. ಅವರಿಗೆ ಧಾರವಾಡದ ಸತ್ತೂರಿನ ಡೆಂಟಲ್ ಕಾಲೇಜಿಗೆ ಹೋಗಿ ತೋರಿಸಿ ಎಂದೆ. ಈಗಾಗಲೇ ಗಾರೆ ಗಟ್ಟಿಯಾಗಿ ಕಟ್ಟಿದ್ದರೂ ಮೊದಲು ಸ್ಕೇಲಿಂಗ್ ಮಾಡಿಸಿಯೇ ಶುರು ಮಾಡಿ. ನೀರು ಹೊಸ ಕಲೆ ತಡೆಯುತ್ತದೆ, ಹಳೆಯದನ್ನು ತೆಗೆಯುವುದಿಲ್ಲ.