ತಮಾಷೆಯ ಮೆಸೇಜು ತಮಾಷೆಯಾಗೇ ತಲುಪಬೇಕಾದರೆ

ಮದುವೆ ಗೊತ್ತಾದ ಗೆಳತಿ ವಾಟ್ಸ್ಆ್ಯಪ್‌ನಲ್ಲಿ ಕರೆಯೋಲೆ ಕಳಿಸಿದ್ದಾಳೆ. ನೀವು ಉತ್ತರ ಬರೆಯುತ್ತೀರಿ: "ಊಟಕ್ಕೆ ಮಾತ್ರ ಬರ್ತೀನಿ." ಎದುರಿಗೆ ಹೇಳಿದ್ದರೆ ಅವಳು ನಗುತ್ತಿದ್ದಳು. ಇಲ್ಲಿ ನಿಮ್ಮ ದನಿಯಿಲ್ಲ, ಮುಖವಿಲ್ಲ. ಈ ಒಂದು ಸಾಲನ್ನೇ ಸರಿಪಡಿಸೋಣ.

ಮೊದಲು ಕೊನೆಯ ಚುಕ್ಕಿ ತೆಗೆಯಿರಿ. ಒಂದೇ ಸಾಲಿನ ಮೆಸೇಜಿಗೆ ಪೂರ್ಣವಿರಾಮ ಹಾಕಿದರೆ ಮಾತು ಮುಗಿಸಿ ಬಾಗಿಲು ಹಾಕಿಕೊಂಡಂತೆ ಕಾಣುತ್ತದೆ. "ಆಯ್ತು" ಮತ್ತು "ಆಯ್ತು." ಎರಡನ್ನೂ ಓದಿ ನೋಡಿ. ಹಲವು ಕೀಬೋರ್ಡುಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಚುಕ್ಕಿ ತಾನಾಗಿಯೇ ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ. ಸಾಲು ಚುಕ್ಕಿಗಳೂ ಬೇಡ. "ಬರ್ತೀನಿ..." ಅಂದರೆ ಮನಸ್ಸಿಲ್ಲದ ಮನಸ್ಸಿನಿಂದ ಬರುತ್ತೀರಿ ಎಂದೇ ಓದುತ್ತಾರೆ.

ಆಮೇಲೆ "ಕಣೇ" ಸೇರಿಸಿ. ಕಣೋ, ಮಾರಾಯ್ತಿ, ನಿಮ್ಮಲ್ಲಿ ನಡೆಯುವ ಯಾವುದಾದರೂ ಆದೀತು. ಸಲುಗೆಯ ಈ ಒಂದು ಪದ ಯಾವ ಇಮೋಜಿಗಿಂತಲೂ ಗಟ್ಟಿ.

ಜನ ಎಡವುವುದು ಇಮೋಜಿಯಲ್ಲಿ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ :-) ಚಿಹ್ನೆಯನ್ನು ಸೂಚಿಸಿದ್ದೇ ತಮಾಷೆಗೆ ಗುರುತು ಹಾಕಲಿಕ್ಕೆ. ಅಲಂಕಾರಕ್ಕಲ್ಲ, ಗುರುತಿಗೆ ಎನ್ನುವುದನ್ನು ನೆನಪಿಡಿ. ಹಾಗಾಗಿ ಅದು ತಮಾಷೆಯ ಮಾತಿಗೇ ಅಂಟಿಕೊಂಡಿರಬೇಕು. "ಊಟಕ್ಕೆ ಮಾತ್ರ ಬರ್ತೀನಿ, ಛತ್ರದ ಲೊಕೇಶನ್ ಕಳಿಸು 😄" ಎಂದರೆ ನಗು ಲೊಕೇಶನ್ನಿಗೆ ಹೋಯಿತು, ಚುಚ್ಚು ಹಾಗೇ ಉಳಿಯಿತು. ಇಮೋಜಿಯನ್ನು ಬೇರೆ ಮೆಸೇಜಾಗಿಯೂ ಕಳಿಸಬೇಡಿ. ನೆಟ್‌ವರ್ಕ್ ಕೈಕೊಟ್ಟರೆ ಮಾತು ಮೊದಲು ತಲುಪಿ ನಗು ಹಿಂದೆ ಉಳಿಯುತ್ತದೆ.

ಯಾವ ಮುಖ? 🙂 ಖಂಡಿತ ಬೇಡ. ಹಿರಿಯರು ಅದನ್ನು ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಕಿರಿಯರು ತುಟಿ ಬಿಗಿದ ಕೋಪ ಎಂದು ಓದುತ್ತಾರೆ. 😂 ಗೆಳೆಯರ ನಡುವೆ ಸರಿ, ದೊಡ್ಡವರಿರುವ ಗ್ರೂಪಿನಲ್ಲಿ ಬೇಡ: ಕಣ್ಣೀರು ಕಂಡು ಅಳು ಎಂದುಕೊಳ್ಳುವವರಿದ್ದಾರೆ. ನಾಲಿಗೆ ಚಾಚಿದ 😜 ಎರಡೂ ಕಡೆ ನಡೆಯುತ್ತದೆ. ಒಂದೇ ಸಾಕು, ಐದು ಹಾಕಿದರೆ ಅವಳನ್ನೇ ನೋಡಿ ನಕ್ಕಂತಾಗುತ್ತದೆ. ಕೀಬೋರ್ಡು ತಾನಾಗಿ ಸೂಚಿಸುವ ಇಮೋಜಿಯನ್ನು ನೋಡದೆ ಒತ್ತಬೇಡಿ.

ಕೊನೆಗೆ, ಯಾರೂ ನಿಜವೆಂದು ನಂಬಲಾರದಷ್ಟು ಮಾತನ್ನು ಉಬ್ಬಿಸಿ: "ಊಟಕ್ಕೆ ಮಾತ್ರ ಬರ್ತೀನಿ ಕಣೇ 😜 ಐವತ್ತು ಹೋಳಿಗೆ ಎತ್ತಿಡು!" ಆಶ್ಚರ್ಯಸೂಚಕ ಒಂದೇ ಇರಲಿ.

ಸಾಲ, ಕಾಯಿಲೆ, ಕೆಲಸ ಹೋದದ್ದು, ಇಂಥ ವಿಷಯಕ್ಕೆ ಈ ಯಾವ ಗುರುತೂ ಸಾಲದು. "ಕೆಲಸ ಬಿಟ್ಟೆ 😜" ಎಂದು ಅಮ್ಮನಿಗೆ ಕಳಿಸಿದರೆ ಅವರ ಕಣ್ಣಿಗೆ ಬೀಳುವುದು ಮೊದಲ ಎರಡು ಪದ ಮಾತ್ರ. ಅಂಥದ್ದನ್ನು ಫೋನಿನಲ್ಲೇ ಹೇಳಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು. ಆದರೆ ನೀಲಿ ಟಿಕ್ ಬಿದ್ದು ಉತ್ತರ ಬಂದಿಲ್ಲವೆಂದರೆ ತಿದ್ದುತ್ತಾ ಕೂರದೆ ತಕ್ಷಣ ಫೋನ್ ಮಾಡಿ.