ಬೀಗ ಹಾಕಿದ ಊರಮನಿಗೆ ಇನ್ಶೂರೆನ್ಸ್: ಕ್ಲೇಮ್ ರಿಜೆಕ್ಟ್ ಆಗದಂಗ ಮಾಡೋದು ಹೆಂಗ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಈಗ ಓಣಿಗೊಂದಾದ್ರೂ ಬೀಗ ಹಾಕಿದ ಮನಿ ಸಿಗತೈತಿ, ಮಕ್ಕಳು ಅಮೆರಿಕಾನೋ ದುಬೈನೋ ಐರ್ಲೆಂಡೋ ಅಂತ ಹೋಗ್ಯಾರ, ಅಪ್ಪ ಅವ್ವ ತೀರಿಕೊಂಡಾರ ಇಲ್ಲಾ ಮಕ್ಕಳ ಹತ್ರ ಹೋಗ್ಯಾರ. ಇಂಥ ಮನಿಗೆ ಇನ್ಶೂರೆನ್ಸ್ ಇರೋರು ಕಡಿಮಿ, ಇದ್ದವರದ್ದೂ ಪ್ರೀಮಿಯಂ ಅಕೌಂಟಿಂದ ತಾನಾಗೇ ಕಟ್ ಆಗ್ತಿರತೈತಿ, ಪಾಲಿಸಿ ಒಳಗ ಏನು ಬರದೈತಿ ಅಂತ ಯಾರೂ ಓದಿರಂಗಿಲ್ಲ. ಮನ್ಯಾಗ ಯಾರೂ ಇಲ್ಲದೇ ಇಷ್ಟು ದಿನ ದಾಟಿದ್ರ ಕವರ್ ಇರಂಗಿಲ್ಲ ಅನ್ನೋ ಒಂದು ಸಾಲು ಎಷ್ಟೋ ಪಾಲಿಸಿಯೊಳಗ ಇರತೈತಿ, ವಿದೇಶದಾಗ ಇರೋರಿಗೆ ಮುಖ್ಯ ಆಗಿರೋದು ಆ ಸಾಲೇ.

ಲೆಕ್ಕ ತಿಳೀಲಿ ಅಂತ ಒಂದು ಮನಿ ಇಟ್ಕೊಳ್ಳೋಣ. ಕೊಪ್ಪಳಕ್ಕ ಹೊಂದಿಕೊಂಡಿರೋ ಭಾಗ್ಯನಗರದಾಗ ಒಂದು ಆರ್‌ಸಿಸಿ ಮನಿ, ಕಾರ್ಪೆಟ್ ಏರಿಯಾ 1,100 ಚದರಡಿ, ಅಪ್ಪ ಕಟ್ಟಿಸಿದ್ದು. ಅಪ್ಪ ಅವ್ವ ಇಬ್ಬರೂ ಇಲ್ಲ, ಮಗ ಡಬ್ಲಿನ್‌ನಾಗ, ಮಗಳು ಡಲ್ಲಾಸ್‌ನಾಗ. ಪಕ್ಕದ ಮನಿ ಕಾಕಾ ಕೀಲಿ ಇಟ್ಕೊಂಡು ಆಗಾಗ ನೋಡ್ತಾರ.

ಮೊದಲು ಮನಿ ಯಾರ ಹೆಸರಿಗೈತಿ ನೋಡ್ರಿ

ತೀರಿಕೊಂಡ ಅಪ್ಪನ ಹೆಸರಲ್ಲೇ ಪಾಲಿಸಿ ರಿನ್ಯೂ ಮಾಡ್ಕೊಂತ ಹೋಗೋದು ಬಾಳ ಮಂದಿ ಮಾಡ್ತಾರ. ಹಂಗ ಮಾಡಿದ್ರ ಕ್ಲೇಮ್ ಟೈಮಿಗೆ ಪಾಲಿಸಿದಾರ ಎಲ್ಲಿ, ರೊಕ್ಕ ಯಾರಿಗೆ ಕೊಡಬೇಕು ಅನ್ನೋ ಪ್ರಶ್ನಿ ಏಳತೈತಿ. ಡೆತ್ ಸರ್ಟಿಫಿಕೇಟು, ವಂಶವೃಕ್ಷ ಕೊಟ್ಟು ಪಟ್ಟಣ ಪಂಚಾಯ್ತಿ ಅಥವಾ ನಗರಸಭೆಯಾಗ ಖಾತಾ ಅಣ್ಣ ತಂಗಿ ಇಬ್ಬರ ಹೆಸರಿಗೆ ಮಾಡಿಸ್ರಿ, ಪಾಲಿಸಿಯಾಗೂ ಇಬ್ಬರ ಹೆಸರು ಹಾಕಿಸ್ರಿ. ಊರಿಗೆ ಬರಾಕ ಆಗಲ್ಲಂದ್ರ ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸಬಹುದು, ಭಾರತದ ರಾಯಭಾರ ಕಚೇರಿಯಾಗ ಅಟೆಸ್ಟ್ ಮಾಡಿಸಿ ಇಲ್ಲಾ ಅಪಾಸ್ಟೀಲ್ ಅನ್ನೋ ಆ ದೇಶದ ಸರ್ಕಾರಿ ದೃಢೀಕರಣ ಮಾಡಿಸಿ ಕಳಿಸಿದ್ರ, ಅದು ಇಲ್ಲಿಗೆ ಬಂದ 3 ತಿಂಗಳ ಒಳಗ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಅದರಾಗ ಇನ್ಶೂರೆನ್ಸ್ ಮಾಡಿಸೋ, ಕ್ಲೇಮ್ ಹಾಕೋ ಅಧಿಕಾರ ಅಂತ ಬಿಡಿಸಿ ಬರಸ್ರಿ, ಮಾರೋ ಅಧಿಕಾರ ಕೊಡೋದು ಬ್ಯಾಡ.

ಪಾಲಿಸಿ ಏನು ಕೊಡತೈತಿ, ಏನು ಕೊಡಂಗಿಲ್ಲ

2021ರ ಏಪ್ರಿಲ್ 1ರಿಂದ ಮನಿಗೆ ಭಾರತ್ ಗೃಹ ರಕ್ಷಾ ಅಂತ ಒಂದೇ ನಮೂನಿ ಪಾಲಿಸಿ ಬಂದೈತಿ, ಯಾವ ಕಂಪನಿಯಾಗ ತಗೊಂಡ್ರೂ ಮೂಲ ಕವರ್ ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗಲಾಟೆಯಾಗ ಆದ ಹಾನಿ, ನೀರಿನ ಟ್ಯಾಂಕು ಪೈಪು ಒಡದು ಆದ ಹಾನಿ ಇವೆಲ್ಲಾ ಅದರಾಗ ಬರತಾವ.

ಇದರಾಗ ಜಾಗದ ರೇಟು ಸೇರಂಗಿಲ್ಲ. ಸೈಟ್ ಸೇರಿ ಮನಿ ಇಷ್ಟು ಲಕ್ಷ ಬಾಳತೈತಿ ಅಂತ ಬರಸಿ ಉಪಯೋಗ ಇಲ್ಲ, ಮತ್ತ ಕಟ್ಟಾಕ ಎಷ್ಟು ಬೇಕು ಅನ್ನೋದೇ ಲೆಕ್ಕ. ಚದರಡಿಗೆ 1,800 ರೂಪಾಯಿ ಅಂತ ಹಿಡಿದ್ರ 1,100 ಚದರಡಿಗೆ 19.80 ಲಕ್ಷ ಆತು. ಕಟ್ಟಡ, ಸಾಮಾನು ಎರಡಕ್ಕೂ ಕವರ್ ತಗೊಂಡ್ರ ಸಾಮಾನಿಗೆ ಕಟ್ಟಡದ ಮೊತ್ತದ 20 ಪರ್ಸೆಂಟ್, ಗರಿಷ್ಠ 10 ಲಕ್ಷದವರೆಗೆ, ತಾನಾಗೇ ಸಿಗತೈತಿ, ಅಂದ್ರ ಇಲ್ಲಿ 3.96 ಲಕ್ಷ. ಬಂಗಾರ ಬೆಳ್ಳಿ ಇದರಾಗ ಬರಂಗಿಲ್ಲ, ಅದನ್ನ ಖಾಲಿ ಮನ್ಯಾಗ ಇಡಲೂ ಬಾರದು, ಲಾಕರ್‌ಗೆ ಹಾಕ್ರಿ.

ನಮ್ಮ ಕಡೆ ಎರೆಭೂಮಿ. ಬ್ಯಾಸಿಗ್ಯಾಗ ಬಿರುಕು ಬಿಟ್ಟು ಮಳಿಗಾಲದಾಗ ಉಬ್ಬತೈತಿ, ಅದಕ್ಕ ಗ್ವಾಡಿ ಸೀಳತಾವ. ಇಂಥ ಸಾಮಾನ್ಯ ಬಿರುಕಿಗೆ ಕ್ಲೇಮ್ ಸಿಗತೈತಿ ಅಂತ ನಂಬಿ ಕೂಡಬ್ಯಾಡ್ರಿ. ಗೆದ್ದಲು ತಿಂದ ಚೌಕಟ್ಟಿಗೂ, ವರ್ಷಾನುಗಟ್ಲೆ ಸೋರಿ ಹಾಳಾದ ಮಾಳಿಗಿಗೂ ರೊಕ್ಕ ಇಲ್ಲ, ಅವೆಲ್ಲಾ ಮಾಲೀಕ ರಿಪೇರಿ ಮಾಡಿಸ್ಕೋಬೇಕಾದವು. ಹಳೇ ಮಣ್ಣಿನ ಮಾಳಿಗಿ ಮನಿ ಆಗಿದ್ರ ಅದನ್ನ ಪ್ರಪೋಸಲ್ ಫಾರ್ಮ್‌ನಾಗ ಇದ್ದಂಗೇ ಬರೀರಿ, ಆರ್‌ಸಿಸಿ ಅಂತ ಬರದು ಪಾಲಿಸಿ ತಗೊಂಡ್ರ ಕ್ಲೇಮ್ ದಿನ ಅದೇ ಮುಳ್ಳಾಗತೈತಿ.

ಎಲ್ಲಾರೂ ಎಡವೋದು ಕಳ್ಳತನದ ವಿಷಯದಾಗ. ಗೃಹ ರಕ್ಷಾದಾಗ ಬೆಂಕಿನೋ ನೆರೆನೋ ಆಗಿ, ಅದಾದ 7 ದಿನದ ಒಳಗ ಸಾಮಾನು ಕಳುವಾದ್ರ ಮಾತ್ರ ಕವರ್. ಸುಮ್ಮನೆ ರಾತ್ರಿ ಬೀಗ ಒಡದು ಒಯ್ದ್ರ ಇಲ್ಲ! ಅದಕ್ಕ ಬರ್ಗ್ಲರಿ ಕವರ್ ಬ್ಯಾರೆ ತಗೋಬೇಕು, ಖಾಲಿ ಮನಿ ಬಗ್ಗೆ ಷರತ್ತು ಬಿಗಿಯಾಗಿ ಇರೋದೂ ಅಲ್ಲೇ.

ಖಾಲಿ ಮನಿ ಷರತ್ತು ಹುಡುಕಿ, ಬರವಣಿಗಿಯಾಗ ಒಪ್ಪಿಗಿ ತಗೊಳ್ರಿ

ಪಾಲಿಸಿ ಪುಸ್ತಕದಾಗ ಕಂಡೀಷನ್ಸ್, ಎಕ್ಸ್‌ಕ್ಲೂಷನ್ಸ್ ಅನ್ನೋ ಭಾಗ ತಗದು ಅನ್‌ಆಕ್ಯುಪೈಡ್ ಅನ್ನೋ ಶಬ್ದ ಹುಡುಕ್ರಿ. ಬ್ಯಾಂಕ್ ಲೋನ್ ಜೋಡಿ ಬಂದ ಹಳೇ ಸ್ಟ್ಯಾಂಡರ್ಡ್ ಫೈರ್ ಪಾಲಿಸಿ ಇನ್ನೂ ನಡೀತಿದ್ರ ಅದರಾಗ 30 ದಿನ ಅಂತ ಇರತೈತಿ: ಕಟ್ಟಡ 30 ದಿನಕ್ಕಿಂತ ಹೆಚ್ಚು ಖಾಲಿ ಉಳದ್ರ, ಹಾನಿ ಆಗೋಕಿಂತ ಮುಂಚೆ ಕಂಪನಿ ಒಪ್ಪಿಗಿ ಪಡದು ಪಾಲಿಸಿ ಮ್ಯಾಲೆ ಆ ಒಪ್ಪಿಗಿ ಬರದಿರೋ ತಿದ್ದುಪಡಿ, ಅಂದ್ರ ಎಂಡಾರ್ಸ್‌ಮೆಂಟ್ ಹಾಕಿಸದೇ ಇದ್ರ ಕವರ್ ನಿಂತುಹೋಗತೈತಿ. ಬರ್ಗ್ಲರಿ ಪಾಲಿಸಿಯಾಗ ಕೆಲವು ಕಡೆ 7 ದಿನಾನೇ ಮಿತಿ ಇರತೈತಿ, ಕಂಪನಿಗೊಂದು ಥರ. ಸೋಫಾ ಫ್ರಿಜ್ ಎಲ್ಲಾ ಇದ್ದ ಮಾತ್ರಕ್ಕ ಮನ್ಯಾಗ ವಾಸ ಐತಿ ಅಂತ ಆಗಂಗಿಲ್ಲ, ರಾತ್ರಿ ಯಾರಾದ್ರೂ ಅಲ್ಲಿ ಮಲಗತಾರೇನು ಅನ್ನೋದನ್ನ ನೋಡ್ತಾರ. ಕಾಕಾ ವಾರಕ್ಕೊಮ್ಮೆ ಬಂದು ಕಸ ಹೊಡಸಿದ್ರ ಅದು ವಾಸ ಅಲ್ಲ. ಜೆಸ್ಕಾಂ ಬಿಲ್ ತಿಂಗಳಾನುಗಟ್ಲೆ ಸೊನ್ನೆ ಯೂನಿಟ್ ತೋರಿಸ್ತಿದ್ರ, ಹಾನಿ ಲೆಕ್ಕ ಹಾಕಾಕ ಕಂಪನಿ ಕಳಿಸೋ ಸರ್ವೇಯರ್‌ಗೆ ಬ್ಯಾರೆ ಸಾಕ್ಷಿ ಬೇಕಾಗಂಗಿಲ್ಲ.

ಹಂಗಾಗಿ ಮುಚ್ಚಿಡಬ್ಯಾಡ್ರಿ, ಪಾಲಿಸಿ ತಗೊಳ್ಳೋ ಮುಂಚೆನೇ ಇಮೇಲ್ ಹಾಕ್ರಿ. ಭಾಗ್ಯನಗರದ ಮನಿಗೆ ಹಿಂಗ ಬರೀಬಹುದು: “ಈ ಮನಿ ವರ್ಷದಾಗ ಹೆಚ್ಚುಕಡಿಮಿ 11 ತಿಂಗಳು ಖಾಲಿ ಇರುತ್ತದೆ. ಮಾಲೀಕರು ವಿದೇಶದಲ್ಲಿದ್ದಾರೆ. ಪಕ್ಕದ ಮನೆಯವರು ಎರಡು ದಿನಕ್ಕೊಮ್ಮೆ ಬಂದು ನೋಡುತ್ತಾರೆ, ರಾತ್ರಿ ಯಾರೂ ಮಲಗುವುದಿಲ್ಲ. ಎಲ್ಲ ಕಿಟಕಿಗೂ ಗ್ರಿಲ್ ಇದೆ. ಈ ಸ್ಥಿತಿಯಲ್ಲಿ ಬೆಂಕಿ ಮತ್ತು ಬರ್ಗ್ಲರಿ ಎರಡೂ ಕವರ್ ಮುಂದುವರಿಯುತ್ತದೆ ಎಂದು ಎಂಡಾರ್ಸ್‌ಮೆಂಟ್ ಕೊಡಿ.” ಕಂಪನಿ ಹೆಚ್ಚಿನ ಪ್ರೀಮಿಯಂ ಕೇಳಬಹುದು, ಬರ್ಗ್ಲರಿ ಕೊಡಲ್ಲ ಅಂತನೂ ಅನ್ನಬಹುದು, ಅನ್ನಲಿ, ಇನ್ನೊಂದು ಕಂಪನಿ ಕೇಳ್ರಿ. ಇಲ್ಲ ಅನ್ನೋದು ಈಗ ಗೊತ್ತಾದ್ರ ಸಾಮಾನಾದ್ರೂ ಸಾಗಿಸಬಹುದು. ಏಜೆಂಟ್ ವಾಟ್ಸಾಪ್‌ನಾಗ “ಏನಾಗಲ್ಲ ಬಿಡ್ರಿ ಸರ್” ಅಂದಿದ್ದು ಒಪ್ಪಿಗಿ ಅಲ್ಲ, ಪಾಲಿಸಿ ನಂಬರ್ ಇರೋ ಎಂಡಾರ್ಸ್‌ಮೆಂಟ್ ಕೈಗೆ ಬರಬೇಕು.

ನೋಡ್ಕೊಳ್ಳೋರ ಜೋಡಿ ಏನು ಮಾತಾಡ್ಕೋಬೇಕು

ಕಂಪನಿಗೆ ಬರಕೊಡೋದು ಕಾಕಾನ ಕೈಲಿ ನಿಜವಾಗಿ ಆಗೋ ಅಷ್ಟೇ ಇರಬೇಕು. “ದಿನಾ ರಾತ್ರಿ ಒಬ್ಬರು ಮಲಗತಾರ” ಅಂತ ಬರದ್ರ ಬರ್ಗ್ಲರಿ ಕವರ್ ಬ್ಯಾಗ ಸಿಗಬಹುದು, ಆದ್ರ ಗವಿಮಠದ ಜಾತ್ರಿ ಬಂದಾಗ ಕಾಕಾನ ಮನಿ ಮಂದಿ ಎಲ್ಲಾ ತೇರಿಗೆ ಹೋಗಿರ್ತಾರ, ಬಿತ್ತಗಿ ಟೈಮಿಗೆ ಹೊಲದಾಗೇ ವಸ್ತಿ ಇರ್ತಾರ, ಆ ರಾತ್ರಿನೇ ಕಳ್ಳತನ ಆದ್ರ ನೀವು ಕೊಟ್ಟ ಮಾತು ಮುರದಂಗ ಆತು, ಕಂಪನಿ ಅದನ್ನೇ ಹಿಡಕೊಂತೈತಿ. ಎರಡು ದಿನಕ್ಕೊಮ್ಮೆ ಅಂತ ಬರದು ಎರಡು ದಿನಕ್ಕೊಮ್ಮೆ ಬಂದ್ರ ಅದು ಎಷ್ಟೋ ಗಟ್ಟಿ.

ಬಂದಾಗೆಲ್ಲಾ ಮುಂಬಾಗಿಲು, ಹಿತ್ತಲ ಬಾಗಿಲು, ಮೀಟರ್ ಬೋರ್ಡು ಈ ಮೂರರ ಫೋಟೋ ತಗದು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಲಿ. ತಾರೀಕು, ಟೈಮು ಅದರಾಗೇ ಇರತೈತಿ, ಕ್ಲೇಮ್‌ಗೆ ಇದಕ್ಕಿಂತ ಚಲೋ ಡೈರಿ ಇಲ್ಲ. ಮೇನ್ ಸ್ವಿಚ್ ಆಫ್ ಇರಬೇಕು, ಮ್ಯಾಲಿನ ಟ್ಯಾಂಕ್ ಖಾಲಿ ಇರಬೇಕು, ಮಳಿಗಾಲಕ್ಕಿಂತ ಮುಂಚೆ ಮಾಳಿಗಿ ಮ್ಯಾಲಿನ ನೀರಿನ ಕಿಂಡಿ ಕಸ ತಗಸಬೇಕು.

ಕೀಲಿ ವಿಷಯ ಮಾತಾಡಾಕ ಸಂಕೋಚ ಆಗತೈತಿ, ಆದ್ರೂ ಮಾತಾಡಬೇಕು. ಬರ್ಗ್ಲರಿ ಪಾಲಿಸಿಗೆ ಸಾಮಾನ್ಯವಾಗಿ ಬೀಗ ಬಾಗಿಲು ಒಡದ ಗುರುತು ಬೇಕು, ಕೀಲಿ ಇದ್ದವರು ತಗದು ಒಯ್ದಿದ್ರ, ಇಲ್ಲಾ ಕೆಲಸದವರೇ ಒಯ್ದಿದ್ರ ಹೆಚ್ಚಿನ ಪಾಲಿಸಿಯಾಗ ಕವರ್ ಇಲ್ಲ. ಹೊರಗಿನ ಬಾಗಿಲು, ಮೇನ್ ಸ್ವಿಚ್ ಇರೋ ಜಾಗ, ನೀರಿನ ವಾಲ್ವ್ ಇಷ್ಟಕ್ಕ ಕಾಕಾನ ಹತ್ರ ಕೀಲಿ ಇರಲಿ, ಸಾಮಾನು ಒಂದೇ ಕೋಣಿಯಾಗ ಹಾಕಿ ಅದರ ಕೀಲಿ ನೀವು ಇಟ್ಕೊಳ್ರಿ. ಕಾಕಾಗೂ ಅದೇ ಹಗುರ, ನಾಳೆ ಏನಾದ್ರೂ ಹೋದ್ರ ಅವರ ಮ್ಯಾಲೆ ಬೊಟ್ಟು ತೋರಸೋ ಪ್ರಸಂಗ ಬರಂಗಿಲ್ಲ.

ರೊಕ್ಕ ಕೊಟ್ಟು ಒಬ್ಬರನ್ನ ಮನ್ಯಾಗೇ ಇರಸೋದಾದ್ರ ಸ್ಟ್ಯಾಂಪ್ ಪೇಪರ್ ಮ್ಯಾಲೆ ಒಪ್ಪಂದ ಮಾಡ್ರಿ: ಇವರು ಮನಿ ಕಾಯೋರು, ಬಾಡಿಗಿಯವರಲ್ಲ, ಹೇಳಿದಾಗ ಖಾಲಿ ಮಾಡಬೇಕು. ಪಗಾರ ಬ್ಯಾಂಕ್ ಮೂಲಕನೇ ಕೊಡ್ರಿ. ಎಷ್ಟೇ ವರ್ಷ ಇದ್ರೂ ಕಾವಲಿನವರಿಗೆ ಮನಿ ಮ್ಯಾಲೆ ಹಕ್ಕು ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2012ರಾಗೇ ಹೇಳೈತಿ, ಆದ್ರ ಅವರು ಕಾವಲಿನವರೇ ಅಂತ ತೋರಸಾಕ ಕಾಗದ ಬೇಕು. ಮನ್ಯಾಗ ಇವರು ಇರ್ತಾರ ಅಂತ ಕಂಪನಿಗೂ ತಿಳಸ್ರಿ. ಬೀಗ ಹಾಕಿದ ಮನಿ ಅಂತ ಪೊಲೀಸ್ ಸ್ಟೇಷನ್ನಿಗೂ ಒಂದು ಅರ್ಜಿ ಕೊಟ್ಟು ಸೀಲ್ ಹಾಕಿಸಿದ ಕಾಪಿ ಇಟ್ಕೊಳ್ರಿ.

ಕಳುವಾದ ದಿನ

ಈಗ ನಮ್ಮ ಉದಾಹರಣೆ ಮನ್ಯಾಗ ಹಿತ್ತಲ ಬಾಗಿಲು ಮೀಟಿ ಟಿವಿ, ಇನ್ವರ್ಟರ್ ಬ್ಯಾಟರಿ, ಹಿತ್ತಾಳಿ ಕೊಡ ಹಂಡೆ ಒಯ್ದಾರ ಅಂತ ತಿಳ್ಕೊಳ್ರಿ. ಮುಂಜಾನೆ ಕಾಕಾ ನೋಡಿದ್ರು. ಒಳಗ ಹೋಗಿ ಏನೂ ಮುಟ್ಟಬಾರದು, ಮುರದ ಕೊಂಡಿ, ಬಾಗಿಲ ಮ್ಯಾಲಿನ ಹಾರಿ ಗುರುತು ಹತ್ರದಿಂದ ಫೋಟೋ ತಗೀಬೇಕು, 112ಕ್ಕ ಫೋನ್ ಮಾಡಬೇಕು, ಸ್ಟೇಷನ್ನಾಗ ಎಫ್‌ಐಆರ್ ಆಗಬೇಕು. ಡಬ್ಲಿನ್‌ನಾಗಿರೋ ಮಗ ಅದೇ ದಿನ ಕಂಪನಿಗೆ ಇಮೇಲ್ ಹಾಕಿ ಕ್ಲೇಮ್ ನಂಬರ್ ತಗೋಬೇಕು, ಸರ್ವೇಯರ್ ಬಂದು ನೋಡೋತನಕ ಹೊಸ ಬಾಗಿಲು ಕೂಡಸಬಾರದು, ಮನಿ ಭದ್ರ ಆಗೋ ಅಷ್ಟು ತಾತ್ಕಾಲಿಕ ಚಿಲಕ ಹಾಕಿಸಬಹುದು.

ಸರ್ವೇಯರ್ ಕೇಳೋದು ಸಾಮಾನು ಇದ್ದದ್ದಕ್ಕ ಸಾಕ್ಷಿ. ಹಿತ್ತಾಳಿ ಹಂಡೆಕ್ಕ ಯಾರ ಹತ್ರ ಬಿಲ್ ಇರತೈತಿ? ಅದಕ್ಕೇ ಊರಿಂದ ಹೊರಡೋ ದಿನ ಕೋಣಿ ಕೋಣಿ ವಿಡಿಯೋ ಮಾಡಿ, ಟಿವಿ ಹಿಂದಿನ ಸೀರಿಯಲ್ ನಂಬರ್ ಕಾಣೋ ಹಂಗ ಫೋಟೋ ತಗದು ಇಮೇಲ್‌ನಾಗ ಇಟ್ಟಿರಬೇಕು. ಕಳ್ಳರು ಸಿಗದಿದ್ರ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕ್ತಾರ, ಕಂಪನಿ ಅದರ ಕಾಪಿ ಕೇಳತೈತಿ, ಇದಕ್ಕ ತಿಂಗಳುಗಟ್ಲೆ ಹಿಡಿಬಹುದು, ಪವರ್ ಆಫ್ ಅಟಾರ್ನಿ ಇದ್ದವರು ಬೆನ್ನು ಹತ್ತಿ ತಗಸಬೇಕಾಗತೈತಿ. ರೊಕ್ಕ ಬರಾಕ ನಿಮ್ಮ ಎನ್‌ಆರ್‌ಓ ಅಕೌಂಟ್, ಪ್ಯಾನ್, ಕೆವೈಸಿ ಎಲ್ಲಾ ಪಾಲಿಸಿಯಾಗಿನ ಹೆಸರಿಗೇ ಹೊಂದಬೇಕು.

ಖಾಲಿ ಇತ್ತು ಅಂತ ಹೇಳಿ ರಿಜೆಕ್ಟ್ ಮಾಡಿದ್ರ ಮೊದಲು ಕಂಪನಿ ಗ್ರೀವೆನ್ಸ್ ವಿಭಾಗಕ್ಕ ಎಂಡಾರ್ಸ್‌ಮೆಂಟು, ವಾಟ್ಸಾಪ್ ಫೋಟೋ ಹಚ್ಚಿ ಬರೀರಿ. ಅಲ್ಲೂ ಆಗದಿದ್ರ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಒಂದು ವರ್ಷದ ಒಳಗ ದೂರು ಕೊಡಬಹುದು, ಅದಕ್ಕ ಫೀ ಇಲ್ಲ, ವಕೀಲರೂ ಬ್ಯಾಡ.