ಮೂವತ್ತೆರಡು ದಿನದ ನೋಟಿಸ್ ಬಾಕಿ, ತಡೆಹಿಡಿದ ಸಂಬಳ: ನನ್ನ ಅನುಭವ

2024ರ ಜೂನ್ 3ರಂದು ನಾನು ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಪೀರಿಯಡ್ 60 ದಿನ. ಹೊಸ ಕಂಪನಿಯವರು ಜುಲೈ 1ಕ್ಕೆ ಬರಲೇಬೇಕು ಅಂದಿದ್ದರು. ಜೂನ್ 30ರವರೆಗೆ ಕೆಲಸ ಮಾಡಿದರೆ 28 ದಿನ ಆಗುತ್ತದೆ, 32 ದಿನ ಉಳಿಯುತ್ತದೆ.

ರಾಜೀನಾಮೆ ಬರೆಯುವ ಮೊದಲು ನೇಮಕಾತಿ ಪತ್ರದಲ್ಲಿ ನೋಟಿಸಿನ ಸಾಲನ್ನು ನಾಲ್ಕೈದು ಸಲ ಓದಿದೆ. ‘ಅರವತ್ತು ದಿನಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಮೂಲ ವೇತನ’ ಎಂದಿತ್ತು. ಆ ‘ಅಥವಾ’ ಮತ್ತು ‘ಮೂಲ ವೇತನ’ ಎರಡೇ ಪದ ಮುಂದೆ ನನ್ನನ್ನು ಉಳಿಸಿದವು. ಕೆಲವರ ಪತ್ರದಲ್ಲಿ ‘ಒಟ್ಟು ಸಂಬಳ’ ಎಂದಿರುತ್ತದೆ. ಹಾಗಿದ್ದರೆ ಒಟ್ಟು ಸಂಬಳದ ಲೆಕ್ಕದಲ್ಲೇ ಕೇಳುತ್ತಾರೆ, ಸಹಿ ಹಾಕಿದ ಮೇಲೆ ಬೇರೆ ವಾದ ಕಷ್ಟ. ಇನ್ನು ಕೆಲವರ ಪತ್ರದಲ್ಲಿ ಹಣ ಕಟ್ಟಿ ಬೇಗ ಹೋಗುವುದು ‘ಆಡಳಿತದ ವಿವೇಚನೆಗೆ ಬಿಟ್ಟದ್ದು’ ಎಂದಿರುತ್ತದೆ. ಅಂಥವರನ್ನೂ ಕೂರಿಸಿ ಕೆಲಸ ಮಾಡಿಸಲು ಕಂಪನಿಗೆ ಆಗುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಕೋರ್ಟು ಬಲವಂತದಿಂದ ನಡೆಸಿಕೊಡುವುದಿಲ್ಲ. ಕಂಪನಿಗೆ ಉಳಿಯುವುದು ನಷ್ಟ ಕೇಳುವ ಹಕ್ಕು, ಅಂದರೆ ಹಣದ ಹಕ್ಕು.

ಹಾಗಾಗಿ ರಾಜೀನಾಮೆಯ ಮೇಲ್‌ನಲ್ಲೇ ಬರೆದೆ: ನನ್ನ ಕೊನೆಯ ಕೆಲಸದ ದಿನ ಜೂನ್ 30, ಉಳಿದ 32 ದಿನಕ್ಕೆ ಪತ್ರದಲ್ಲಿರುವಂತೆ ಮೂಲ ವೇತನ ಮುರಿದುಕೊಳ್ಳಿ. ಎರಡು ದಿನ ಬಿಟ್ಟು ಮ್ಯಾನೇಜರ್ ‘ಸ್ವೀಕರಿಸಲಾಗಿದೆ’ ಎಂದು ಒಂದೇ ಸಾಲಿನ ಉತ್ತರ ಕಳಿಸಿದರು. ಆ ಒಂದು ಸಾಲು ಇಲ್ಲದಿದ್ದರೆ ‘ಹೇಳದೆ ಕೇಳದೆ ಹೋದವರು’ ಎಂದು ದಾಖಲೆಯಲ್ಲಿ ಬರೆಯುವುದು ಅವರಿಗೆ ಸುಲಭವಿತ್ತು. ಕೊನೆಯ ದಿನ ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿ ಪಟ್ಟಿಯ ಮೇಲೆ ಸಹಿ ಪಡೆದೆ. ಯಾವ ಕೆಲಸ ಯಾರಿಗೆ ವಹಿಸಿದೆ ಎಂಬುದನ್ನೂ ಮೇಲ್ ಮಾಡಿದೆ.

ಜೂನ್ ಸಂಬಳ ಬರಲಿಲ್ಲ. ಜುಲೈ ಮಧ್ಯದಲ್ಲಿ ಎಚ್‌ಆರ್‌ನಿಂದ ಫೋನ್ ಬಂತು.

“ಮೇಡಂ, ನಿಮ್ಮ ಫುಲ್ ಆ್ಯಂಡ್ ಫೈನಲ್ ಆಗಿದೆ. ನೀವೇ 4,800 ಕಟ್ಟಬೇಕು. ಕಟ್ಟಿದ ಮೇಲೆ ರಿಲೀವಿಂಗ್ ಲೆಟರ್ ಕೊಡ್ತೀವಿ.”

“ಲೆಕ್ಕದ ಹಾಳೆ ಕಳಿಸಿ ಸಾರ್, ನೋಡಿ ಹೇಳ್ತೀನಿ” ಅಂದೆ. ಫೋನಿನಲ್ಲಿ ಬೇರೆ ಏನನ್ನೂ ಒಪ್ಪಲಿಲ್ಲ.

ಹಾಳೆ ನೋಡಿದಾಗ ತಪ್ಪು ಎಲ್ಲಿದೆ ಅಂತ ಕಂಡಿತು. ನನ್ನ ಒಟ್ಟು ಸಂಬಳ 42,000, ಅದರಲ್ಲಿ ಮೂಲ ವೇತನ 21,000. ಅವರು ಒಟ್ಟು ಸಂಬಳದ ಮೇಲೆ ದಿನಕ್ಕೆ 1,400ರಂತೆ 32 ದಿನಕ್ಕೆ 44,800 ಮುರಿದಿದ್ದರು. ಪಿಎಫ್ 1,800, ವೃತ್ತಿ ತೆರಿಗೆ 200 ಸೇರಿಸಿದರೆ 46,800. ಜೂನ್ ಸಂಬಳ 42,000 ಕಳೆದರೆ 4,800 ನನ್ನ ಮೇಲೇ ಬಂತು. ಉಳಿದಿದ್ದ ಒಂಬತ್ತು ದಿನದ ಗಳಿಕೆ ರಜೆಯ ಹಣ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ನಾನು ನನ್ನ ಹಾಳೆ ಮಾಡಿದೆ. ಮೂಲ ವೇತನ ದಿನಕ್ಕೆ 700, ನೋಟಿಸ್ ಬಾಕಿ 22,400. ಬರಬೇಕಾದದ್ದು ಸಂಬಳ 42,000 ಮತ್ತು ರಜೆಯ 6,300, ಒಟ್ಟು 48,300. ಪಿಎಫ್, ವೃತ್ತಿ ತೆರಿಗೆಯ 2,000 ಮತ್ತು ನೋಟಿಸ್ ಬಾಕಿ ಎರಡನ್ನೂ ಕಳೆದರೆ ನನಗೆ 23,900 ಬರಬೇಕು. ಎರಡು ಹಾಳೆಗಳ ನಡುವೆ 28,700 ರೂಪಾಯಿ ಅಂತರ. ನೇಮಕಾತಿ ಪತ್ರದ ಆ ಪುಟದ ಪ್ರತಿ ಜೋಡಿಸಿ ಮೇಲ್ ಮಾಡಿದೆ. ಮೂರು ವಾರ ಉತ್ತರವೇ ಇಲ್ಲ.

ಆ ಮೂರು ವಾರ ನಿದ್ದೆ ಕೆಟ್ಟಿದ್ದು ಹಣಕ್ಕಿಂತ ಹೆಚ್ಚಾಗಿ ರಿಲೀವಿಂಗ್ ಲೆಟರಿಗಾಗಿ. ಹೊಸ ಕಂಪನಿಯವರು ಸದ್ಯಕ್ಕೆ ರಾಜೀನಾಮೆ ಸ್ವೀಕರಿಸಿದ ಮೇಲ್, ಕೊನೆಯ ಮೂರು ಪೇಸ್ಲಿಪ್ ಮತ್ತು 45 ದಿನದಲ್ಲಿ ಪತ್ರ ತಂದುಕೊಡುತ್ತೇನೆಂಬ ಮುಚ್ಚಳಿಕೆ ಇಟ್ಟುಕೊಂಡು ಸೇರಿಸಿಕೊಂಡಿದ್ದರು. ಆ ದಿನಗಳು ಮುಗಿಯುತ್ತಾ ಬಂದವು.

ತುಮಕೂರಿನಲ್ಲಿ ನಮ್ಮ ಭಾವನವರಿಗೆ ಪರಿಚಯದ ವಕೀಲರೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ನಾನು ಬರೆದುಕೊಂಡು ಹೋಗಿದ್ದ ಲಾಯರ್ ನೋಟಿಸಿನ ಕರಡಿನಲ್ಲಿ ಮಾನಸಿಕ ಹಿಂಸೆಗೆ ಎರಡು ಲಕ್ಷ ಪರಿಹಾರ, ಪೂರ್ತಿ ಸಂಬಳ ಎಲ್ಲ ಕೇಳಿದ್ದೆ. ಅವರು ಅದನ್ನೆಲ್ಲ ಹೊಡೆದು ಹಾಕಿ, ಮೊದಲ ಸಾಲಿನಲ್ಲೇ ‘ನೋಟಿಸ್ ಬಾಕಿ 22,400 ರೂಪಾಯಿ ನನ್ನ ಕಕ್ಷಿದಾರರು ಕೊಡಬೇಕಾದದ್ದು ನಿಜ’ ಎಂದು ಬರೆದರು. ನನಗೆ ಗಾಬರಿಯಾಯಿತು. “ಕೊಡಬೇಕಾದ್ದನ್ನು ಒಪ್ಪಿಕೊಂಡ್ರೆ ಅವರ ಕೈಲಿ ಹಿಡಿಯೋಕೆ ಏನೂ ಉಳಿಯಲ್ಲಮ್ಮ” ಅಂದರು. ಬಾಕಿ ಹಣವನ್ನು ಸಂಬಳದಲ್ಲಿ ಹೊಂದಿಸಿಕೊಂಡ ಮೇಲೆ ನೋಟಿಸಿನ ವ್ಯವಹಾರ ಮುಗಿಯಿತು. ಮುಗಿದ ವ್ಯವಹಾರಕ್ಕೆ ಪತ್ರ ತಡೆಯಲು ಕಾರಣವಿಲ್ಲ. ಕಂಪನಿಗೆ ಕಳಿಸಿದ ಇಡೀ ಲಾಯರ್ ನೋಟಿಸ್ ನಿಂತದ್ದು ಈ ವಾದದ ಮೇಲೆ.

ಬೇರೆ ದಾರಿ ನನಗೆ ಇರಲೂ ಇಲ್ಲ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000ದವರೆಗಿನ ಸಂಬಳಕ್ಕೆ ಮಾತ್ರ ಅನ್ವಯ. ನನ್ನಂಥವರು ಲಾಯರ್ ನೋಟಿಸ್, ಆಮೇಲೆ ಸಿವಿಲ್ ದಾವೆ ಎಂದು ಹೋಗಬೇಕಿತ್ತು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಈ ಸಂಬಳದ ಮಿತಿ ಇಲ್ಲ. 17ನೇ ಕಲಮಿನ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು. ಒಂದು ವೇತನಾವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಕೊಡದಿದ್ದರೆ ನಿಗದಿತ ಅಧಿಕಾರಿಯ ಮುಂದೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಆದರೆ ರಿಲೀವಿಂಗ್ ಲೆಟರ್ ಬಗ್ಗೆ ಆ ಸಂಹಿತೆಯಲ್ಲಿ ಒಂದು ಮಾತೂ ಇಲ್ಲ. ಅದಕ್ಕೆ ಈಗಲೂ ವಕೀಲರು ಹೇಳಿದ ವಾದವೇ ಆಧಾರ.

ಹಾಗಂತ ಕಂಪನಿ ಏನನ್ನೂ ವಸೂಲು ಮಾಡುವಂತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಉದ್ಯೋಗಿಯೊಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದಿದ್ದರು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ಷರತ್ತು ಸರಿ ಎಂದಿತು. ಒಪ್ಪಿದ ಮೊತ್ತ ಸಮಂಜಸವಾಗಿದ್ದರೆ ಕೊಡಬೇಕಾಗುತ್ತದೆ.

ಲಾಯರ್ ನೋಟಿಸ್ ತಲುಪಿ ಹನ್ನೊಂದನೇ ದಿನ ಕಂಪನಿಯಿಂದ 23,900 ನನ್ನ ಖಾತೆಗೆ ಬಂತು. ಮಾರನೇ ದಿನ ಮೇಲ್‌ನಲ್ಲಿ ರಿಲೀವಿಂಗ್ ಲೆಟರ್ ಬಂತು. ಅದರಲ್ಲಿ ಕೊನೆಯ ದಿನ ಜೂನ್ 30 ಎಂದು ಸರಿಯಾಗಿಯೇ ಇತ್ತು, ಆದರೆ ‘ನೋಟಿಸ್ ಪೂರೈಸದೆ ಕೆಲಸ ತೊರೆದಿದ್ದಾರೆ’ ಎಂಬ ಸಾಲೂ ಇತ್ತು. ಹೊಸ ಕಂಪನಿಯವರು ಅದನ್ನು ಓದಿದರೆ ಓಡಿಹೋದಂತೆ ಕಾಣುತ್ತದೆ. ವಾಪಸ್ ಬರೆದು ‘ಉಳಿದ ನೋಟಿಸ್ ಅವಧಿಗೆ ವೇತನ ಹೊಂದಿಸಿಕೊಳ್ಳಲಾಗಿದೆ, ಬಾಕಿ ಇಲ್ಲ’ ಎಂದು ತಿದ್ದಿಸಿಕೊಂಡೆ.

ಪಿಎಫ್ ಖಾತೆಯಲ್ಲಿ ಮಾತ್ರ ಅವರು ನಿರ್ಗಮನದ ದಿನಾಂಕ ಹಾಕಲೇ ಇಲ್ಲ. ಅದಕ್ಕಾಗಿ ಮತ್ತೆ ಅವರನ್ನು ಬೇಡಲಿಲ್ಲ. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ Manage ಒಳಗಿನ Mark Exit ಒತ್ತಿ, ಆಧಾರ್ ಒಟಿಪಿ ಹಾಕಿ, ಜೂನ್ 30 ಎಂದು ನಾನೇ ನಮೂದಿಸಿದೆ.